ಹಗ್ಗ ಎಳೆದ್ರೆ ಯಾರು ಬರ್ತಾರೆ?

ಮ್ಯಾನೇಜ್‌ಮೆಂಟ್ ಪೇಪರ್‌ನ ನೋಟ್ಸ್ ಯಾರದ್ದೇ ತೆಗೆದು ನೋಡಿ, ಅದರಲ್ಲಿ ಒಂದು ಟೇಬಲ್ ಇದ್ದೇ ಇರುತ್ತೆ. ಎಡಗಡೆ ಥಿಯರಿ ಎಕ್ಸ್, ಬಲಗಡೆ ಥಿಯರಿ ವೈ. ಎಕ್ಸ್ ಪ್ರಕಾರ ಜನ ಸೋಮಾರಿಗಳು, ಕೆಲಸ ಅಂದ್ರೆ ಅವರಿಗೆ ಆಗಲ್ಲ, ಜವಾಬ್ದಾರಿ ಬೇಡ, ಹೆದರಿಸಿ ಬೆದರಿಸಿಯೇ ಕೆಲಸ ತೆಗೀಬೇಕು. ವೈ ಪ್ರಕಾರ ಕೆಲಸ ಅನ್ನೋದು ಆಟದಷ್ಟೇ ಸಹಜ, ಒಪ್ಪಿಕೊಂಡ ಗುರಿ ಇದ್ರೆ ಜನ ತಮ್ಮನ್ನ ತಾವೇ ನಡೆಸ್ಕೋತಾರೆ, ಜವಾಬ್ದಾರಿಯನ್ನ ಕೇಳಿ ತಗೋತಾರೆ. ಐದು ಪಾಯಿಂಟ್, ಐದು ಮಾರ್ಕ್ಸ್, ಮುಂದಿನ ಪ್ರಶ್ನೆ.

ಈ ಟೇಬಲ್‌ನಲ್ಲಿ ತಪ್ಪೇನಿಲ್ಲ. ಆದ್ರೆ ಅದನ್ನ ಓದಿದವರಿಗೆ ಒಂದು ಭಾವನೆ ಬಂದುಬಿಡುತ್ತೆ: ಎಕ್ಸ್ ಅಂದ್ರೆ ಸಿಡುಕು ಮೂತಿಯ ಬಾಸ್, ವೈ ಅಂದ್ರೆ ನಗುಮುಖದ ಬಾಸ್. ಇದು ಪೂರ್ತಿ ತಪ್ಪು. ನಗ್ತಾ ನಗ್ತಾ, ಎಲ್ಲರಿಗೂ ಕಾಫಿ ಕೊಡಿಸ್ತಾ ಎಕ್ಸ್ ಆಗಿರಬಹುದು. ಬಹಳ ಕಟ್ಟುನಿಟ್ಟಾಗಿದ್ದೂ ವೈ ಆಗಿರಬಹುದು. ಅದು ಹೇಗೆ ಅಂತ ತೋರಿಸೋಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಕ್ಯಾಲಿಫೋರ್ನಿಯಾದ ಒಂದು ಕಾರ್ ಫ್ಯಾಕ್ಟರಿ. ಅಲ್ಲಿಗೆ ಹೋಗೋ ಮೊದಲು ಈ ಎಕ್ಸ್-ವೈ ಹೆಸರಿಟ್ಟ ಮನುಷ್ಯನನ್ನ ಸ್ವಲ್ಪ ನೋಡೋಣ.

ಡಗ್ಲಸ್ ಮೆಕ್‌ಗ್ರೆಗರ್ ಎಂಐಟಿಯಲ್ಲಿ ಮೇಷ್ಟ್ರಾಗಿದ್ದವರು, ಓದಿದ್ದು ಮನಃಶಾಸ್ತ್ರ. 1957ರಲ್ಲಿ ಒಂದು ಭಾಷಣದಲ್ಲಿ ಈ ವಿಚಾರ ಮುಂದಿಟ್ಟರು, 1960ರಲ್ಲಿ ಅದನ್ನೇ ಬೆಳೆಸಿ ‘ದ ಹ್ಯೂಮನ್ ಸೈಡ್ ಆಫ್ ಎಂಟರ್‌ಪ್ರೈಸ್’ ಅನ್ನೋ ಪುಸ್ತಕ ಬರೆದರು. ಎಕ್ಸ್, ವೈ ಅನ್ನೋ ಹೆಸರುಗಳಿಗೆ ಯಾವ ಅರ್ಥವೂ ಇಲ್ಲ, ಬೇಕಂತಲೇ ಬಣ್ಣವಿಲ್ಲದ ಹೆಸರು ಇಟ್ಟದ್ದು. ಅವರು ಕೆಲಸ ಮಾಡ್ತಿದ್ದ ವಿಭಾಗ ಶುರುವಾಗಿದ್ದು ಆಲ್ಫ್ರೆಡ್ ಸ್ಲೋನ್ ಅವರ ಫೌಂಡೇಶನ್ ಕೊಟ್ಟ ದುಡ್ಡಿನಿಂದ. ಇವತ್ತಿಗೂ ಅದರ ಹೆಸರು ಸ್ಲೋನ್ ಸ್ಕೂಲ್. ಈ ಸ್ಲೋನ್ ಯಾರು ಅಂದ್ರೆ ಜನರಲ್ ಮೋಟರ್ಸ್ ಅನ್ನ ದಶಕಗಳ ಕಾಲ ಆಳಿದ ಮನುಷ್ಯ. ಈ ಹೆಸರು ನೆನಪಿಟ್ಕೊಳ್ಳಿ, ನಾವೀಗ ಹೋಗ್ತಿರೋ ಫ್ಯಾಕ್ಟರಿಯೂ ಜನರಲ್ ಮೋಟರ್ಸ್‌ದೇ.

ಮೆಕ್‌ಗ್ರೆಗರ್ ಹೇಳಿದ್ದರಲ್ಲಿ ಟೇಬಲ್‌ಗೆ ಬರದೇ ಹೋದ ವಿಷಯ ಒಂದಿದೆ, ನನ್ನ ಪ್ರಕಾರ ಅದೇ ಅಸಲಿ ವಿಷಯ. ಕೆಲಸಗಾರರು ಮೈಗಳ್ಳತನ ಮಾಡೋದು, ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋದು, ಬರೀ ಸಂಬಳದ ಬಗ್ಗೆ ಮಾತಾಡೋದು, ಇದೆಲ್ಲ ಇದೆ, ಸುಳ್ಳಲ್ಲ ಅಂತ ಅವರೇ ಒಪ್ಕೋತಾರೆ. ಆದ್ರೆ ಅದು ಮನುಷ್ಯ ಸ್ವಭಾವ ಅಲ್ಲ, ಅವರನ್ನ ನಡೆಸಿಕೊಂಡ ರೀತಿಯ ಫಲ ಅಂತಾರೆ. ಕಾರಣ ಮತ್ತು ಪರಿಣಾಮವನ್ನ ನಾವು ಅದಲುಬದಲು ಮಾಡ್ಕೊಂಡಿದೀವಿ ಅನ್ನೋದು ಅವರ ವಾದ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಹೊಳೆಯುತ್ತೆ, ಇದೊಂದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಮ್ಯಾನೇಜರ್‌ಗೆ ನಂಬಿಕೆ ಇಲ್ಲ, ಅದಕ್ಕೆ ಕಾವಲು ಹಾಕ್ತಾನೆ. ಕಾವಲು ಹಾಕಿದ ಮೇಲೆ ಕೆಲಸಗಾರನ ಬುದ್ಧಿ ಕೆಲಸದ ಮೇಲಿಂದ ಕಾವಲಿನ ಮೇಲೆ ಹೋಗುತ್ತೆ, ನೋಡ್ತಿರುವಾಗ ಮಾಡೋದು, ನೋಡದಿದ್ದಾಗ ಬಿಡೋದು. ಅದನ್ನ ಕಂಡ ಮ್ಯಾನೇಜರ್, ನೋಡಿದ್ರಾ, ನಾನು ಹೇಳಿರಲಿಲ್ವಾ ಅಂತ ಇನ್ನೊಂದು ಕಾವಲು ಹಾಕ್ತಾನೆ. ಎಲ್ಲೂ ನಿಲ್ಲೋದಿಲ್ಲ ಇದು. ಪ್ರತಿ ಸುತ್ತಿನಲ್ಲೂ ಮ್ಯಾನೇಜರ್ ಕೈಗೆ ತನ್ನ ಊಹೆ ಸರಿ ಅನ್ನೋದಕ್ಕೆ ಹೊಸ ಪುರಾವೆ ಸಿಗ್ತಾ ಹೋಗುತ್ತೆ. ಅವನು ಸುಳ್ಳು ಹೇಳ್ತಿಲ್ಲ ಪಾಪ, ಅವನ ಕಣ್ಣಿಗೆ ಕಾಣೋದೇ ಹಾಗೆ.

ಇದನ್ನ ನಮ್ಮ ಪಕ್ಕದಲ್ಲೇ ನೋಡಬಹುದು. ವಿಟಿಯುನಲ್ಲಿ 85 ಪರ್ಸೆಂಟ್ ಹಾಜರಿ ಬೇಕು. ಹಾಜರಿಗೆ ಕಾವಲು ಬಿದ್ದ ಮೇಲೆ ನಮ್ಮ ಲೆಕ್ಕಾಚಾರವೆಲ್ಲ ಯಾವುದರ ಮೇಲೆ? ಇನ್ನೆಷ್ಟು ಕ್ಲಾಸ್ ಬಂಕ್ ಹೊಡೀಬಹುದು ಅನ್ನೋದರ ಮೇಲೆ. ಅದಕ್ಕೆ ಎಕ್ಸೆಲ್ ಶೀಟ್ ಮಾಡಿಟ್ಟವರೂ ಇದಾರೆ. ಪಾಠ ಹೇಗಿತ್ತು ಅನ್ನೋದಕ್ಕೆ ಮಾತ್ರ ಶೀಟ್ ಇಲ್ಲ. ನಿಯಮ ತೆಗೆದುಬಿಟ್ಟರೆ ಎಲ್ಲರೂ ಕ್ಲಾಸಿಗೆ ಓಡಿ ಬರ್ತಾರೆ ಅಂತ ನಾನು ಹೇಳ್ತಿಲ್ಲ, ಖಂಡಿತ ಬರಲ್ಲ. ಲೂಪ್ ಇಷ್ಟು ದಿನ ತಿರುಗಿದ ಮೇಲೆ ಸ್ವಿಚ್ ಆಫ್ ಮಾಡಿದ ತಕ್ಷಣ ನಿಲ್ಲೋದಿಲ್ಲ.

ಸರಿ, ಫ್ಯಾಕ್ಟರಿಗೆ ಬರೋಣ. ಸ್ಯಾನ್‌ಫ್ರಾನ್ಸಿಸ್ಕೋ ಹತ್ತಿರ ಫ್ರೀಮಾಂಟ್ ಅನ್ನೋ ಊರಲ್ಲಿ ಜನರಲ್ ಮೋಟರ್ಸ್‌ನ ಕಾರ್ ಜೋಡಿಸೋ ಫ್ಯಾಕ್ಟರಿ ಇತ್ತು. ಇಡೀ ಕಂಪನಿಯಲ್ಲೇ ಅತಿ ಕೆಟ್ಟ ಕೆಲಸಗಾರರು ಇಲ್ಲಿದಾರೆ ಅನ್ನೋ ಹೆಸರು ಅದಕ್ಕೆ. ದಿನಾ ನೂರು ಜನ ಬರಬೇಕಾದ ಕಡೆ ಸುಮಾರು ಇಪ್ಪತ್ತು ಜನ ಬರ್ತಾನೇ ಇರಲಿಲ್ಲ. ಹೇಳದೇ ಕೇಳದೇ ಸ್ಟ್ರೈಕ್, ಕೆಲಸದ ಹೊತ್ತಲ್ಲೇ ಕುಡಿತ, ಯೂನಿಯನ್ ಹಾಕಿದ ದೂರುಗಳ ರಾಶಿ. ಬೇಕಂತಲೇ ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಬಿಟ್ಟು ಮುಚ್ಚೋದು, ಯಾಕಂದ್ರೆ ಕೊಂಡವನಿಗೆ ಲೊಡಲೊಡ ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೇ ತಲೆ ಕೆಡಲಿ ಅಂತ.

ಇಂಥಾ ಕಡೆ ಸೂಪರ್‌ವೈಸರ್ ಆಗಿದ್ರೆ ಯಾರಾದ್ರೂ ಎಕ್ಸ್ ಆಗ್ತಾರೆ ಅನ್ಸಲ್ವಾ? ಆದ್ರೆ ಅಲ್ಲಿನ ಒಂದು ನಿಯಮ ನೋಡಿ. ಏನೇ ಆಗಲಿ, ಅಸೆಂಬ್ಲಿ ಲೈನ್ ನಿಲ್ಲಿಸೋ ಹಾಗಿಲ್ಲ. ಬೋಲ್ಟ್ ಕೂತಿಲ್ಲ, ಸೀಲ್ ಹರಿದಿದೆ, ಬೇರೆ ಮಾಡೆಲ್‌ನ ಪಾರ್ಟ್ ಬಂದಿದೆ, ಏನಾದ್ರೂ ಸರಿ, ಕಾರು ಮುಂದೆ ಹೋಗಲೇಬೇಕು. ಕೆಟ್ಟದ್ದನ್ನ ಆಮೇಲೆ ಹಿಂದಿನ ಯಾರ್ಡ್‌ನಲ್ಲಿ ಇನ್ನೊಂದು ಗುಂಪು ರಿಪೇರಿ ಮಾಡುತ್ತೆ. ಯಾಕೆ ಈ ನಿಯಮ? ಲೈನ್ ನಿಲ್ಲಿಸೋ ಅಧಿಕಾರ ಕೊಟ್ಟುಬಿಟ್ಟರೆ ಇವರು ದಿನಕ್ಕೆ ಹತ್ತು ಸಲ ನಿಲ್ಲಿಸಿ ಸಿಗರೇಟ್ ಸೇದ್ತಾರೆ ಅನ್ನೋ ನಂಬಿಕೆ. ಒಂದೇ ಒಂದು ಊಹೆ, ಅದರಿಂದ ಒಂದು ನಿಯಮ, ಆ ನಿಯಮದಿಂದ ಇಡೀ ದಿನದ ವ್ಯವಹಾರ. ಲೈನ್‌ನಲ್ಲಿ ನಿಂತವನಿಗೆ ಆ ನಿಯಮದಿಂದ ಅರ್ಥ ಆಗೋದು ಇಷ್ಟೇ: ಕಾರು ಚೆನ್ನಾಗಿರಲಿ ಅನ್ನೋದು ನಿನ್ನ ಕೆಲಸ ಅಲ್ಲ. ಅಲ್ಲ ಅಂದ ಮೇಲೆ ಬಾಟಲಿ ಹಾಕಿದ್ರೇನು, ಬಿಟ್ರೇನು.

ಸೂಪರ್‌ವೈಸರ್‌ನ ದಿನ ಹೇಗಿರುತ್ತೆ ಅಂತಾನೂ ಯೋಚಿಸಿ. ಬೆಳಗ್ಗೆ ಬಂದ ಕೂಡಲೇ ಯಾರು ಬಂದಿಲ್ಲ ಅಂತ ತಲೆ ಎಣಿಸಿ ಆ ಜಾಗಗಳಿಗೆ ಜನ ಹುಡುಕಬೇಕು. ಆಮೇಲೆ ಯಾರು ಏನು ಮಾಡ್ತಿದಾರೆ ಅಂತ ಸುತ್ತಾಡಬೇಕು. ಬರೆದು ಶಿಕ್ಷೆ ಕೊಡಬೇಕು, ಅದಕ್ಕೆ ಯೂನಿಯನ್ ಹಾಕಿದ ದೂರಿಗೆ ಉತ್ತರ ಬರೀಬೇಕು. ಕಾರಿನ ಬಗ್ಗೆ ಯೋಚಿಸೋಕೆ ಅವನಿಗೆ ಟೈಮ್ ಎಲ್ಲಿ?

1982ರಲ್ಲಿ ಆ ಫ್ಯಾಕ್ಟರಿಗೆ ಬೀಗ ಬಿತ್ತು. ಎರಡು ವರ್ಷ ಆದ ಮೇಲೆ ಅದನ್ನ ಮತ್ತೆ ತೆರೆದಿದ್ದು ಟೊಯೋಟಾ ಮತ್ತು ಜನರಲ್ ಮೋಟರ್ಸ್ ಸೇರಿ, ‘ನುಮ್ಮಿ’ ಅನ್ನೋ ಹೆಸರಿನ ಜಂಟಿ ಕಂಪನಿಯಾಗಿ. ನಡೆಸೋ ಜವಾಬ್ದಾರಿ ಟೊಯೋಟಾದ್ದು. ಈಗ ಗಮನಿಸಿ, ಕೆಲಸಗಾರರು ಯಾರು? ಸುಮಾರು 85 ಪರ್ಸೆಂಟ್ ಜನ ಅದೇ ಹಳೇ ಫ್ಯಾಕ್ಟರಿಯವರು. ಯೂನಿಯನ್ನೂ ಅದೇ, ಕಟ್ಟಡವೂ ಅದೇ. ಕಣ್ಣು ಕುಕ್ಕೋ ಹೊಸ ರೋಬೋಟ್‌ಗಳನ್ನೇನೂ ತಂದು ತುಂಬಲಿಲ್ಲ. 1986ರ ಹೊತ್ತಿಗೆ ಅದು ಜನರಲ್ ಮೋಟರ್ಸ್‌ನ ಎಲ್ಲಾ ಫ್ಯಾಕ್ಟರಿಗಳಿಗಿಂತ ಹೆಚ್ಚು ಉತ್ಪಾದಕ ಆಗಿತ್ತು. ಗೈರುಹಾಜರಿ ಇಪ್ಪತ್ತರ ಆಸುಪಾಸಿನಿಂದ ಮೂರ್ನಾಲ್ಕು ಪರ್ಸೆಂಟ್‌ಗೆ ಇಳಿದಿತ್ತು. ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ, ಬಹುತೇಕ ಎಲ್ಲಾ ವೇರಿಯೇಬಲ್ ಹಾಗೇ ಇಟ್ಟು ನಡೆಸೋ ರೀತಿಯೊಂದನ್ನ ಮಾತ್ರ ಬದಲಾಯಿಸಿದ ಪ್ರಯೋಗ. (ಪೂರ್ತಿ ಶುದ್ಧ ಪ್ರಯೋಗ ಅಲ್ಲ ಬಿಡಿ. ಎರಡು ವರ್ಷ ಕೆಲಸ ಇಲ್ಲದೇ ಕೂತವರು ಸ್ವಲ್ಪ ಬದಲಾಗಿಯೇ ಇರ್ತಾರೆ.)

ಏನು ಬದಲಾಯ್ತು? ಅದಕ್ಕೆ ಉತ್ತರ ಲೈನ್ ಪಕ್ಕದಲ್ಲಿ ನೇತಾಡ್ತಿದ್ದ ಒಂದು ಹಗ್ಗದಲ್ಲಿದೆ. ಅದಕ್ಕೆ ಆಂಡಾನ್ ಹಗ್ಗ ಅಂತಾರೆ. ಜಪಾನಿ ಭಾಷೆಯಲ್ಲಿ ಆಂಡಾನ್ ಅಂದ್ರೆ ದೀಪ. ಲೈನ್‌ನಲ್ಲಿ ಕೆಲಸ ಮಾಡೋ ಯಾರು ಬೇಕಾದ್ರೂ ಅದನ್ನ ಎಳೀಬಹುದು, ಎಳೀಬೇಕು.

ಎಳೆದ್ರೆ ಏನಾಗುತ್ತೆ ಅಂತ ಒಂದೊಂದೇ ಹೆಜ್ಜೆ ನೋಡೋಣ. ಒಬ್ಬನಿಗೆ ಬಾಗಿಲಿನ ರಬ್ಬರ್ ಸೀಲ್ ಕೂರಿಸೋ ಕೆಲಸ, ಒಂದು ಕಾರಿಗೆ ಸುಮಾರು ಒಂದು ನಿಮಿಷ ಅಂತ ಇಟ್ಕೊಳ್ಳಿ. ನೆಲದ ಮೇಲೆ ಗುರುತು ಹಾಕಿರ್ತಾರೆ, ಕಾರು ಈ ಗೆರೆಯಿಂದ ಆ ಗೆರೆ ತಲುಪೋದ್ರೊಳಗೆ ಕೆಲಸ ಮುಗೀಬೇಕು. ಇಪ್ಪತ್ತೈದನೇ ಸೆಕೆಂಡ್‌ಗೆ ಅವನಿಗೆ ಗೊತ್ತಾಗುತ್ತೆ, ಸೀಲ್ ಮೂಲೆಯಲ್ಲಿ ಕೂರ್ತಿಲ್ಲ. ಹಗ್ಗ ಎಳೀತಾನೆ. ಮೇಲಿನ ಬೋರ್ಡ್‌ನಲ್ಲಿ ಅವನ ಸ್ಟೇಷನ್‌ನ ನಂಬರ್ ಹೊತ್ತಿಕೊಳ್ಳುತ್ತೆ, ಒಂದು ಟ್ಯೂನ್ ಕೇಳುತ್ತೆ. ಲೈನ್ ಇನ್ನೂ ನಿಂತಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಕಾರು ಆ ಎರಡನೇ ಗೆರೆ ತಲುಪೋವರೆಗೂ ಚಲಿಸ್ತಾನೇ ಇರುತ್ತೆ. ಅಷ್ಟರಲ್ಲಿ ಟೀಮ್ ಲೀಡರ್ ಓಡಿ ಬಂದಿರ್ತಾನೆ. ಐದಾರು ಜನಕ್ಕೆ ಒಬ್ಬ ಟೀಮ್ ಲೀಡರ್, ಅವನೂ ಆ ಎಲ್ಲಾ ಕೆಲಸ ಮಾಡಬಲ್ಲವನು. ಇಬ್ಬರೂ ಸೇರಿ ಸೀಲ್ ಸರಿ ಮಾಡಿದ್ರೆ ಹಗ್ಗ ಇನ್ನೊಂದು ಸಲ ಎಳೆದ್ರಾಯ್ತು, ದೀಪ ಆರುತ್ತೆ, ಲೈನ್ ಒಂದು ಸೆಕೆಂಡ್ ಕೂಡ ನಿಂತಿರಲ್ಲ. ಆಗಲಿಲ್ಲ ಅಂದ್ರೆ ಗೆರೆ ತಲುಪಿದಾಗ ಲೈನ್‌ನ ಆ ಭಾಗ ತಾನೇ ನಿಲ್ಲುತ್ತೆ.

ಈಗ ಈ ಡಿಸೈನ್ ಹಿಂದೆ ಇರೋ ಊಹೆಗಳನ್ನ ಬಿಡಿಸಿ ನೋಡಿ. ಒಂದು, ಸೀಲ್ ಕೂರ್ತಿಲ್ಲ ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಾಗೋದು ಕೆಲಸ ಮಾಡ್ತಿರೋನಿಗೆ. ಇನ್ನೊಂದು, ಅವನಿಗೆ ಅದನ್ನ ಸರಿ ಮಾಡ್ಬೇಕು ಅಂತ ಆಸೆ ಇದೆ, ಸುಮ್ಮನೆ ಬಿಡುವು ಬೇಕು ಅಂತ ಎಳೆಯಲ್ಲ. ಇವೆರಡೂ ಥಿಯರಿ ವೈ. ಆದ್ರೆ ನನಗೆ ಹೆಚ್ಚು ಇಷ್ಟವಾದದ್ದು ಮೂರನೇದು: ಹಗ್ಗ ಎಳೆದಾಗ ಒಬ್ಬ ಬರಲೇಬೇಕು, ಅದೂ ಆ ನಿಮಿಷ ಮುಗಿಯೋದ್ರೊಳಗೆ, ಅದೂ ಸಹಾಯಕ್ಕೆ. ಅಂದ್ರೆ ನಂಬಿಕೆ ಅನ್ನೋದು ಇಲ್ಲಿ ಗೋಡೆ ಮೇಲಿನ ಪೋಸ್ಟರ್ ಅಲ್ಲ. ಅದು ಟೀಮ್ ಲೀಡರ್‌ನ ದಿನಚರಿಯಲ್ಲಿ ಕೂತಿರೋ ಕೆಲಸ. ಹಗ್ಗ ಕಟ್ಟಿ, ಬರೋ ಜನರನ್ನ ಇಡದೇ ಹೋಗಿದ್ರೆ ಅದು ಬರೀ ಹಗ್ಗ.

ಬಂದವನು ಮೊದಲು ಏನು ಕೇಳ್ತಾನೆ ಅನ್ನೋದೂ ಅಷ್ಟೇ ಮುಖ್ಯ. ಹಳೇ ಫ್ಯಾಕ್ಟರಿಯಲ್ಲಿ ಲೈನ್ ನಿಂತ್ರೆ ಬರೋ ಪ್ರಶ್ನೆ, ಯಾರು ಮಾಡಿದ್ದು? ಇಲ್ಲಿ ಬರೋ ಪ್ರಶ್ನೆ, ಏನಾಯ್ತು, ಯಾಕಾಯ್ತು? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಒಬ್ಬನಿಗೆ ಮೆಮೋ ಸಿಗುತ್ತೆ, ಸೀಲ್ ನಾಳೆಯೂ ಕೂರಲ್ಲ. ಎರಡನೇದಕ್ಕೆ ಉತ್ತರ ಹುಡುಕಿದ್ರೆ ಸೀಲ್‌ನ ಈ ಬ್ಯಾಚ್ ಸ್ವಲ್ಪ ಗಟ್ಟಿ ಇದೆ ಅಂತಾನೋ, ಹಿಂದಿನ ಸ್ಟೇಷನ್‌ನಲ್ಲಿ ಬಾಗಿಲ ಅಂಚು ಸರಿ ಮಡಿಚಿಲ್ಲ ಅಂತಾನೋ ಗೊತ್ತಾಗುತ್ತೆ.

ಟೊಯೋಟಾ ಕಡೆಯಿಂದ ಆ ತರಬೇತಿಯಲ್ಲಿ ಕೆಲಸ ಮಾಡಿದ ಜಾನ್ ಶುಕ್ ಅನ್ನೋ ಅಮೆರಿಕನ್ ಒಂದು ಮಾತು ಹೇಳ್ತಾರೆ. ಜನರ ತಲೆಯೊಳಗಿನ ಯೋಚನೆ ಮೊದಲು ಬದಲಾಯಿಸಿ ಆಮೇಲೆ ನಡವಳಿಕೆ ಬದಲಾಗಲಿ ಅಂತ ಕಾಯಬಾರದು, ದಿನಾ ಮಾಡೋ ಕೆಲಸವನ್ನ ಮೊದಲು ಬದಲಾಯಿಸಿ, ಯೋಚನೆ ಹಿಂದೆ ಬರುತ್ತೆ ಅಂತ. ನುಮ್ಮಿಯ ನೂರಾರು ಟೀಮ್ ಲೀಡರ್, ಗ್ರೂಪ್ ಲೀಡರ್‌ಗಳನ್ನ ಜಪಾನಿಗೆ ಕಳಿಸಿದ್ದು ಇದಕ್ಕೇ. ಪಿಪಿಟಿ ತೋರಿಸೋಕಲ್ಲ, ಟೊಯೋಟಾ ಲೈನ್‌ನಲ್ಲಿ ನಿಲ್ಲಿಸಿ ಹಗ್ಗ ಎಳೆಸೋಕೆ, ಎಳೆದಾಗ ನಿಜವಾಗ್ಲೂ ಒಬ್ಬ ಬರ್ತಾನೆ ಅಂತ ತೋರಿಸೋಕೆ. ಮೇಲೆ ಹೇಳಿದ ಲೂಪ್ ನೆನಪಿದ್ಯಾ? ಅದನ್ನ ಕಡಿಯೋಕೆ ಒಂದೇ ಜಾಗ ಕೈಗೆ ಸಿಗೋದು, ಅದು ಮ್ಯಾನೇಜರ್ ಏನು ಮಾಡ್ತಾನೆ ಅನ್ನೋ ಜಾಗ.

ಇಲ್ಲಿಗೆ ಬಂದಾಗ ಕೆಲವರಿಗೆ ನುಮ್ಮಿ ಆರಾಮಿನ ಜಾಗ ಅನ್ಸಬಹುದು. ಖಂಡಿತ ಅಲ್ಲ. ಹಳೇ ಫ್ಯಾಕ್ಟರಿಯಲ್ಲಿ ಒಂದು ನಿಮಿಷದಲ್ಲಿ ಸುಮಾರು 45 ಸೆಕೆಂಡ್ ಕೈ ಆಡ್ತಿತ್ತು ಅನ್ನೋದಾದ್ರೆ, ಇಲ್ಲಿ ಸುಮಾರು 57 ಸೆಕೆಂಡ್. ಪ್ರತಿ ಕೆಲಸಕ್ಕೂ ಹೆಜ್ಜೆ ಹೆಜ್ಜೆ ಬರೆದಿಟ್ಟ ವಿಧಾನ ಇತ್ತು, ಎಡಗೈ ಎಲ್ಲಿ, ಬಲಗೈ ಎಲ್ಲಿ, ಎಷ್ಟು ಸೆಕೆಂಡ್ ಅಂತ. ಹಾಜರಿ ವಿಷಯದಲ್ಲೂ ಕಟ್ಟುನಿಟ್ಟೇ. ಓದುವಾಗ ನನಗೂ ತಲೆ ಕೆರ್ಕೊಳ್ಳೋ ಹಾಗಾಯ್ತು, ಇದು ಎಕ್ಸ್ ತರಾನೇ ಇದೆಯಲ್ಲ ಅಂತ.

ವ್ಯತ್ಯಾಸ ಇರೋದು ಸ್ಟಾಪ್‌ವಾಚ್ ಯಾರ ಕೈಯಲ್ಲಿದೆ ಅನ್ನೋದರಲ್ಲಿ. ಹಳೇ ಫ್ಯಾಕ್ಟರಿಯಲ್ಲಿ 80 ಇಂಡಸ್ಟ್ರಿಯಲ್ ಇಂಜಿನಿಯರ್‌ಗಳಿದ್ರು. ಅವರು ಬಂದು ಸಮಯ ಅಳೆದು, ಈ ಕೆಲಸ ಇಷ್ಟು ಸೆಕೆಂಡ್‌ನಲ್ಲಿ ಮುಗೀಬೇಕು ಅಂತ ಬರೆದು ಹೋಗೋರು. ಅಳೆಯುವಾಗ ಕೆಲಸಗಾರ ಬೇಕಂತಲೇ ನಿಧಾನ ಮಾಡ್ತಾನೆ. ಇಂಜಿನಿಯರ್‌ಗೂ ಅದು ಗೊತ್ತು, ಅವನು ಅಂದಾಜಿನಲ್ಲಿ ಕಡಿತ ಹಾಕ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡಿ ಬಂದ ನಂಬರ್‌ಗೆ ‘ಸ್ಟ್ಯಾಂಡರ್ಡ್ ಟೈಮ್’ ಅಂತ ಹೆಸರು! ನುಮ್ಮಿಯಲ್ಲಿ ಆ ಸ್ಟಾಪ್‌ವಾಚನ್ನ ಟೀಮ್‌ನವರ ಕೈಗೇ ಕೊಟ್ಟರು. ಅವರೇ ಒಬ್ಬರು ಇನ್ನೊಬ್ಬರ ಕೆಲಸ ಅಳೀತಾರೆ, ಎಲ್ಲಿ ಸುಮ್ಮನೆ ಬಗ್ಗೋದು, ಎಲ್ಲಿ ಪಾರ್ಟ್ ತರೋಕೆ ಎರಡು ಹೆಜ್ಜೆ ಹೆಚ್ಚು ನಡೆಯೋದು ಅಂತ ನೋಡಿ ವಿಧಾನ ಬರೀತಾರೆ. ಬರೆದ ಮೇಲೆ ಎಲ್ಲರೂ ಅದನ್ನೇ ಪಾಲಿಸಬೇಕು. ಇನ್ನೂ ಒಳ್ಳೇ ವಿಧಾನ ಸಿಕ್ಕಿದ್ರೆ ಬದಲಾಯಿಸಬಹುದು. 1991ರ ಹೊತ್ತಿಗೆ ಅಲ್ಲಿನ 90 ಪರ್ಸೆಂಟ್‌ಗೂ ಹೆಚ್ಚು ಕೆಲಸಗಾರರು ಇಂಥಾ ಸಲಹೆಗಳನ್ನ ಕೊಡ್ತಿದ್ರು.

ನಿಯಮ ಎಷ್ಟು ಬಿಗಿ ಅನ್ನೋದು ಪ್ರಶ್ನೆ ಅಲ್ಲ ಅಂತ ಇಲ್ಲಿ ಗೊತ್ತಾಗುತ್ತೆ. ನಿಯಮ ಬರೆಯೋಕೆ ಬೇಕಾದ ಬುದ್ಧಿ ಯಾರಲ್ಲಿದೆ ಅಂತ ನೀವು ನಂಬಿದೀರಿ, ಅದು ಪ್ರಶ್ನೆ.

ಮೆಕ್‌ಗ್ರೆಗರ್‌ಗೆ ಈ ವಿಷಯ ಪುಸ್ತಕದಿಂದಲ್ಲ, ಅನುಭವದಿಂದ ಗೊತ್ತಿತ್ತು. 1948ರಿಂದ 1954ರವರೆಗೆ ಅವರು ಆಂಟಿಯಾಕ್ ಅನ್ನೋ ಕಾಲೇಜಿನ ಅಧ್ಯಕ್ಷರಾಗಿದ್ರು. ಹೊರಡೋ ಹೊತ್ತಲ್ಲಿ ಅವರು ಬರೆದಿದ್ದರ ಸಾರಾಂಶ ಇದು: ನಾಯಕ ಅಂದ್ರೆ ಒಳ್ಳೇ ಸಲಹೆಗಾರನ ತರ ಇದ್ದುಬಿಡಬಹುದು, ಬಾಸ್ ಆಗೋದನ್ನ ತಪ್ಪಿಸಿಕೊಳ್ಳಬಹುದು, ಎಲ್ಲರಿಗೂ ಇಷ್ಟವಾಗಬಹುದು ಅಂತ ಅಂದ್ಕೊಂಡಿದ್ದೆ, ಅದು ಆಗೋ ಮಾತಲ್ಲ. ಅಧಿಕಾರ ಚಲಾಯಿಸೋದನ್ನ ಯಾರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ವೈ ಬರೆದ ಮನುಷ್ಯನೇ ಹೀಗೆ ಹೇಳಿದ ಮೇಲೆ ವೈ ಅಂದ್ರೆ ಜನರನ್ನ ಅವರ ಪಾಡಿಗೆ ಬಿಡೋದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಇದರ ಉಲ್ಟಾ ಕೂಡ ಇದೆ, ಅವರು ಅದನ್ನೂ ಬಿಟ್ಟಿಲ್ಲ. ಎಕ್ಸ್‌ನಲ್ಲಿ ಗಡಸು, ಮೆದು ಅಂತ ಎರಡು ಬಗೆ. ಗಡಸು ಎಕ್ಸ್ ಬೈಯುತ್ತೆ. ಮೆದು ಎಕ್ಸ್ ಪಿಜ್ಜಾ ಕೊಡಿಸುತ್ತೆ, ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತೆ, ಟಿಟಿ ಟೇಬಲ್ ಹಾಕಿಸುತ್ತೆ (ಇವು ನನ್ನ ಉದಾಹರಣೆಗಳು, ಅವರ ಕಾಲದಲ್ಲಿ ಪಿಜ್ಜಾ ಪಾರ್ಟಿ ಇರಲಿಲ್ಲವೇನೋ). ಎರಡರ ಕೆಳಗಿರೋ ಊಹೆ ಒಂದೇ, ಇವರನ್ನ ಹೊರಗಿನಿಂದ ದೂಡದೇ ಇದ್ರೆ ಇವರು ಅಲ್ಲಾಡಲ್ಲ. ಕೋಲು ಹಿಡಿದು ದೂಡ್ತೀರೋ ಬೆಲ್ಲ ತೋರಿಸಿ ಎಳೀತೀರೋ ಅಷ್ಟೇ ವ್ಯತ್ಯಾಸ.

ನಾಲ್ಕು ಜನರ ಮಿನಿ ಪ್ರಾಜೆಕ್ಟ್‌ನಲ್ಲೂ ಇದು ಕಾಣುತ್ತೆ. ಟೀಮ್ ಲೀಡ್ ಆದವನು ಇವರ್ಯಾರೂ ಮಾಡಲ್ಲ ಅಂತ ಅಂದ್ಕೊಂಡು ಕೋಡ್ ಪೂರ್ತಿ ತಾನೇ ಬರೀತಾನೆ, ಉಳಿದವರಿಗೆ ರಿಪೋರ್ಟ್, ಪಿಪಿಟಿ, ಪ್ರಿಂಟ್‌ಔಟ್. ಅವರಿಗೆ ಕೋಡ್ ಅರ್ಥ ಆಗೋ ಅವಕಾಶವೇ ಇಲ್ಲ, ಹಾಗಾಗಿ ವೈವಾದಲ್ಲಿ ಬಾಯಿ ಬಿಡಲ್ಲ. ನೋಡಿದ್ಯಾ, ಏನೂ ಗೊತ್ತಿಲ್ಲ ಇವರಿಗೆ, ಒಳ್ಳೇದಾಯ್ತು ನಾನೇ ಮಾಡಿದ್ದು ಅಂತಾನೆ ಲೀಡ್. ಅವನು ತುಂಬಾ ಒಳ್ಳೆಯವನೇ ಇರಬಹುದು, ಎಲ್ಲರಿಗೂ ಫುಲ್ ಮಾರ್ಕ್ಸ್ ಬರೋ ಹಾಗೆ ನೋಡ್ಕೊಂಡಿರಬಹುದು. ಆದ್ರೂ ಅದು ಎಕ್ಸ್, ಮೆದು ಎಕ್ಸ್.

ನುಮ್ಮಿಗೆ ನಿಜವಾದ ಪರೀಕ್ಷೆ ಬಂದಿದ್ದು 1988ರಲ್ಲಿ. ಅಲ್ಲಿ ತಯಾರಾಗ್ತಿದ್ದ ಷೆವರ್ಲೆ ನೋವಾ ಕಾರಿನ ಮಾರಾಟ ಬಿದ್ದುಹೋಯ್ತು. ಫ್ಯಾಕ್ಟರಿ ತನ್ನ ಸಾಮರ್ಥ್ಯದ 60 ಪರ್ಸೆಂಟ್ ಕೂಡ ನಡೀತಿರಲಿಲ್ಲ. ಬೇರೆ ಕಡೆ ಆಗಿದ್ರೆ ಜನರನ್ನ ಮನೆಗೆ ಕಳಿಸೋರು, ಆ ಉದ್ಯಮದಲ್ಲಿ ಅದೇ ಮಾಮೂಲಿ. ಆದ್ರೆ ಕಂಪನಿ ಉಳಿಯೋದೇ ಕಷ್ಟ ಅನ್ನೋ ಸ್ಥಿತಿ ಬರೋವರೆಗೆ ಲೇಆಫ್ ಮಾಡಲ್ಲ ಅಂತ ನುಮ್ಮಿಯ ಒಪ್ಪಂದದಲ್ಲೇ ಬರೆದಿತ್ತು. ಯಾರನ್ನೂ ಕಳಿಸಲಿಲ್ಲ. ಕೆಲಸ ಕಮ್ಮಿಯಾದವರನ್ನ ತರಬೇತಿಗೆ, ವಿಧಾನಗಳನ್ನ ಸುಧಾರಿಸೋ ಕೆಲಸಕ್ಕೆ ಹಾಕಿದ್ರು.

ಇದಕ್ಕೂ ಹಗ್ಗಕ್ಕೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇದೆ. ಎರಡು ಹೆಜ್ಜೆ ಉಳಿಸೋ ಸಲಹೆ ಕೊಟ್ಟರೆ ಐದು ಜನರ ಕೆಲಸ ನಾಲ್ಕು ಜನಕ್ಕೆ ಸಾಕಾಗುತ್ತೆ. ಐದನೆಯವನ ಕೆಲಸ ಹೋಗುತ್ತೆ ಅಂತ ಗೊತ್ತಿದ್ರೆ ಯಾರು ಸಲಹೆ ಕೊಡ್ತಾರೆ? ತಲೆ ಸರಿ ಇರೋ ಯಾರೂ ಕೊಡಲ್ಲ. ಜನ ತಮ್ಮ ಬುದ್ಧಿ ಉಪಯೋಗಿಸಬೇಕು ಅಂದ್ರೆ, ಉಪಯೋಗಿಸಿದ್ದಕ್ಕೆ ಏಟು ಬೀಳಲ್ಲ ಅನ್ನೋ ಭರವಸೆ ಬೇಕು. ಆ ಭರವಸೆಯ ಖರ್ಚನ್ನ ಕಂಪನಿ ಕೆಟ್ಟ ವರ್ಷದಲ್ಲಿ ಕಟ್ಟಬೇಕು. ಒಳ್ಳೇ ವರ್ಷದಲ್ಲಿ ಎಲ್ಲರೂ ವೈ ಆಗಬಹುದು, ಖರ್ಚೇ ಇಲ್ಲ.

ಇದೆಲ್ಲ ಕಣ್ಣೆದುರು ನಡೆದಿತ್ತು, ಅದೂ ಜನರಲ್ ಮೋಟರ್ಸ್‌ನ ಪಾಲುದಾರಿಕೆಯಲ್ಲೇ. ಹಾಗಿದ್ರೆ ಬೇರೆ ಫ್ಯಾಕ್ಟರಿಗಳಿಗೂ ತಗೊಂಡು ಹೋಗಬಹುದಿತ್ತಲ್ಲ? ಪ್ರಯತ್ನಪಟ್ಟರು. ಅದೇ ಕ್ಯಾಲಿಫೋರ್ನಿಯಾದಲ್ಲಿ ವ್ಯಾನ್ ನೈಸ್ ಅನ್ನೋ ಕಡೆ ಇದ್ದ ಫ್ಯಾಕ್ಟರಿಯಲ್ಲಿ ಟೀಮ್ ಪದ್ಧತಿ ತಂದರು. ಆದ್ರೆ ಮ್ಯಾನೇಜರ್‌ಗಳ ಕೆಲಸದ ಅಳತೆ ಹಳೇದೇ ಇತ್ತು, ದಿನಕ್ಕೆ ಎಷ್ಟು ಕಾರು ಹೊರಗೆ ಹೋದವು ಅನ್ನೋದು. ಹಾಗಿದ್ದ ಮೇಲೆ ಲೈನ್ ನಿಂತ ಪ್ರತಿ ನಿಮಿಷವೂ ಮ್ಯಾನೇಜರ್‌ಗೆ ನಷ್ಟ. ಕೆಲಸಗಾರರಿಗೂ ಅನುಮಾನ, ಟೀಮ್ ಹೆಸರಲ್ಲಿ ನಮ್ಮಿಂದ ಹೆಚ್ಚು ಕೆಲಸ ತೆಗೆದು ಕೊನೆಗೆ ಜನ ಕಮ್ಮಿ ಮಾಡ್ತಾರೆ ಅಂತ. ಅನುಮಾನ ಪಡೋದಕ್ಕೆ ಅವರಿಗೆ ಕಾರಣಗಳೂ ಇದ್ವು. ಹಗ್ಗ, ಬೋರ್ಡ್, ಟೀಮ್ ಎಲ್ಲಾ ಕಾಪಿ ಮಾಡಬಹುದು, ಹಗ್ಗ ಎಳೆದಾಗ ಮ್ಯಾನೇಜರ್ ಮುಖ ಹೇಗಾಗುತ್ತೆ ಅನ್ನೋದನ್ನ ಕಾಪಿ ಮಾಡೋಕಾಗಲ್ಲ. ವ್ಯಾನ್ ನೈಸ್ 1992ರಲ್ಲಿ ಮುಚ್ಚಿತು. ನುಮ್ಮಿ 2010ರವರೆಗೆ ನಡೀತು. ಮುಚ್ಚೋಕೆ ಕಾರಣ ಕೆಲಸಗಾರರಲ್ಲ, ಹಿಂದಿನ ವರ್ಷ ದಿವಾಳಿಯಾದ ಜನರಲ್ ಮೋಟರ್ಸ್ ಪಾಲುದಾರಿಕೆ ಬಿಟ್ಟು ಹೋಯ್ತು, ಆಮೇಲೆ ಟೊಯೋಟಾವೂ ಹೊರಟಿತು. ಆ ಕಟ್ಟಡದಲ್ಲಿ ಈಗ ಟೆಸ್ಲಾ ಇದೆ.

ಮುಂದಿನ ವರ್ಷ ನಮ್ಮಲ್ಲಿ ಬಹಳ ಜನ ಇಂಟರ್ನ್‌ಶಿಪ್‌ಗೆ ಹೋಗ್ತೀವಿ. ಕಂಪನಿಯ ವೆಬ್‌ಸೈಟ್ ತೆಗೆದ್ರೆ ಎಲ್ಲರೂ ಥಿಯರಿ ವೈಯೇ, ಅದನ್ನ ನೋಡಿ ಏನೂ ಗೊತ್ತಾಗಲ್ಲ. ಬದಲಿಗೆ ಏನಾದ್ರೂ ಕೆಡೋವರೆಗೆ ಕಾಯಿರಿ. ಮಷೀನ್ ನಿಲ್ಲಬಹುದು, ಸರ್ವರ್ ಡೌನ್ ಆಗಬಹುದು, ತಪ್ಪು ಫೈಲ್ ಕಸ್ಟಮರ್‌ಗೆ ಹೋಗಬಹುದು. ಆಗ ಮೊದಲ ಐದು ನಿಮಿಷದಲ್ಲಿ ಮ್ಯಾನೇಜರ್ ಬಾಯಿಂದ ಬರೋ ಪ್ರಶ್ನೆ ‘ಯಾರು’ ಅಂತ ಶುರುವಾಗುತ್ತಾ, ‘ಏನು’ ಅಂತ ಶುರುವಾಗುತ್ತಾ ಕೇಳಿಸ್ಕೊಳ್ಳಿ. ಮತ್ತೆ ಅಲ್ಲಿ ಇದ್ದವರಲ್ಲಿ ವಿಷಯ ಮೊದಲೇ ಗೊತ್ತಿದ್ದೂ ಸುಮ್ಮನಿದ್ದವರು ಎಷ್ಟು ಜನ ಅಂತ ಊಟದ ಹೊತ್ತಲ್ಲಿ ಮೆಲ್ಲಗೆ ಕೇಳಿ ನೋಡಿ.